ಚಿಕ್ಕಪ್ಪನ ಲ್ಯಾಪ್‌ಟಾಪ್ ‘ಲಾಕ್’ ಆದ ಸಂಜೆ

ಹೋದ ತಿಂಗಳು ಒಂದು ಶನಿವಾರ ಸಂಜೆ ಡೊಂಬಿವಲಿಯಿಂದ ಚಿಕ್ಕಪ್ಪ ಫೋನ್ ಮಾಡಿದರು. ನಾನು ಠಾಣೆ ಸ್ಟೇಷನ್ನಿನಲ್ಲಿ ಲೋಕಲ್‌ಗೆ ಕಾಯುತ್ತಿದ್ದೆ. ಅವರ ಮಾತಿಗಿಂತ ಮೊದಲು ಕೇಳಿಸಿದ್ದು ಸೈರನ್ ಸದ್ದು, ಅದರ ಜೊತೆಗೆ ಒಂದು ಹೆಣ್ಣು ದನಿ ಇಂಗ್ಲಿಷಿನಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿತ್ತು.

"ಲೋ, ವೈರಸ್ ಬಂದಿದೆಯಂತೆ ಕಣೋ. ಕಂಪ್ಯೂಟರ್ ಲಾಕ್ ಆಗಿದೆ, ಆಫ್ ಮಾಡಿದ್ರೆ ಎಲ್ಲಾ ಅಳಿಸಿ ಹೋಗುತ್ತಂತೆ. ನಂಬರ್ ಕೊಟ್ಟಿದ್ದಾರೆ, ಮಾಡ್ಲಾ?"

"ಬೇಡ ಚಿಕ್ಕಪ್ಪ. ಏನನ್ನೂ ಒತ್ತಬೇಡಿ. ಪರದೆ ಮೇಲೆ ಏನಿದೆ, ಸುಮ್ನೆ ಓದಿ ಹೇಳಿ" ಅಂದೆ.

ಕಂಪ್ಯೂಟರ್ ರಿಪೇರಿ ನನ್ನ ಕೆಲಸ. ಫೋನ್ ನಂಬರ್ ಅಂದ ಕೂಡಲೇ ಇದು ಸುಳ್ಳು ಅಂತ ನನಗೆ ಗೊತ್ತಾಯಿತು. ವಿಂಡೋಸ್ ತೋರಿಸುವ ನಿಜವಾದ ವೈರಸ್ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಆದರೆ ಚಿಕ್ಕಪ್ಪನಿಗೆ ಅಷ್ಟು ಸಾಲಲಿಲ್ಲ. "ನನ್ನ ಐಪಿ ಅಡ್ರೆಸ್ಸು, ಊರು ಎಲ್ಲಾ ಸರಿಯಾಗಿ ಬರೆದಿದ್ದಾರಲ್ಲೋ, ಅದು ಹೇಗೆ ಗೊತ್ತಾಯ್ತು?" ಅಂದರು. ಜಾಸ್ತಿ ಜನ ನಂಬಿಬಿಡುವುದು ಇಲ್ಲೇ. ಐಪಿ ಅಡ್ರೆಸ್ ಅಂದರೆ ನೆಟ್‌ನಲ್ಲಿ ನಿಮ್ಮ ಸಂಪರ್ಕದ ವಿಳಾಸ. ನೀವು ಯಾವ ವೆಬ್‌ಸೈಟ್ ತೆರೆದರೂ ಅದಕ್ಕೆ ಅದು ಕಾಣುತ್ತದೆ, ಅದರಿಂದ ಊರನ್ನೂ ಅಂದಾಜು ಮಾಡಬಹುದು. ಊರು ಯಾವುದು ಅಂತ ತೋರಿಸುತ್ತಿದೆ ಅಂತ ಕೇಳಿದೆ. ಮುಂಬೈ ಅಂತಿತ್ತು, ಡೊಂಬಿವಲಿ ಅಲ್ಲ. ಕಂಪ್ಯೂಟರಿನ ಒಳಗೆ ಯಾರೋ ಕೂತಿದ್ದಾರೆ ಅನ್ನುವುದಕ್ಕೆ ಅದು ಸಾಕ್ಷಿ ಅಲ್ಲ.

ಇನ್ನೊಂದು ಪ್ರಶ್ನೆ ಕೇಳಿದೆ, ಸ್ಕ್ಯಾನ್ ಎಷ್ಟು ಹೊತ್ತು ನಡೆಯಿತು ಅಂತ. "ಐದಾರು ಸೆಕೆಂಡು ಅಷ್ಟೇ, ಪಟ್ಟಿ ಓಡಿತು, ಕೆಂಪಾಯ್ತು" ಅಂದರು. ನಿಜವಾದ ಸ್ಕ್ಯಾನ್‌ಗೆ ಅದಕ್ಕಿಂತ ಎಷ್ಟೋ ಜಾಸ್ತಿ ಸಮಯ ಬೇಕು. ಅದೂ ಅಲ್ಲದೆ, ಒಂದು ವೆಬ್‌ಪುಟ ತನ್ನಷ್ಟಕ್ಕೆ ನಿಮ್ಮ ಡಿಸ್ಕ್‌ನಲ್ಲಿರುವ ಫೈಲ್‌ಗಳನ್ನೆಲ್ಲ ಓದಿ ವೈರಸ್ ಹುಡುಕಲು ಬ್ರೌಸರ್ ಬಿಡುವುದಿಲ್ಲ. ಆ ಓಡುವ ಪಟ್ಟಿ ಬರೀ ಚಿತ್ರ.

ಮತ್ತೆ ಲಾಕ್ ಆದದ್ದು? ಅದೂ ಚಿತ್ರವೇ. ಪುಟದಲ್ಲಿ ಎಲ್ಲೋ ಒಂದು ಕ್ಲಿಕ್ ಮಾಡಿದ್ದೇ ನೆಪವಾಗಿ ಅದು ಫುಲ್‌ಸ್ಕ್ರೀನ್‌ಗೆ ಹೋಗಿರುತ್ತದೆ. ಮೇಲಿನ ವಿಳಾಸಪಟ್ಟಿ, ಕೆಳಗಿನ ಟಾಸ್ಕ್‌ಬಾರ್ ಎರಡೂ ಮಾಯ. ಕೆಲವು ಪುಟಗಳು ಮೌಸ್ ಬಾಣವನ್ನೂ ಕಾಣದ ಹಾಗೆ ಮಾಡುತ್ತವೆ. ಅದಕ್ಕೇ ಕ್ಲಿಕ್ ಮಾಡಬೇಡಿ ಅಂದದ್ದು. ಪ್ರತಿ ಕ್ಲಿಕ್ಕಿಗೂ ಅದು ಮತ್ತೆ ಫುಲ್‌ಸ್ಕ್ರೀನ್ ಆಗಬಹುದು, ಅದರಲ್ಲಿರುವ ‘ಮುಚ್ಚು’ ಬಟನ್ ಕೂಡ ಬರೆದ ಚಿತ್ರವೇ ಇರಬಹುದು.

ಮೊದಲು `Esc` ಕೀಲಿಯನ್ನು ಮೂರ್ನಾಲ್ಕು ಸೆಕೆಂಡ್ ಒತ್ತಿ ಹಿಡಿಯಲು ಹೇಳಿದೆ. ಒಂದು ಸಲ ಒತ್ತಿ ಬಿಟ್ಟರೆ ಕೆಲವೊಮ್ಮೆ ಸಾಲದು, ಹಿಡಿದೇ ಇರಬೇಕು. ಚಿಕ್ಕಪ್ಪ ಗಾಬರಿಯಲ್ಲಿ ಬೇಗ ಬಿಟ್ಟರೋ ಏನೋ, ಆಗಲಿಲ್ಲ. ಆಗ `Ctrl`+`Alt`+`Del` ಒತ್ತಿಸಿದೆ. ನನ್ನ ಮಟ್ಟಿಗೆ ಇದೇ ಅತಿ ಗಟ್ಟಿ ಪರೀಕ್ಷೆ, ಯಾಕಂದ್ರೆ ಈ ಮೂರು ಕೀಲಿಗಳ ಒತ್ತನ್ನು ವಿಂಡೋಸ್ ನೇರವಾಗಿ ತಾನೇ ತಗೊಳ್ಳುತ್ತದೆ, ಯಾವ ವೆಬ್‌ಪುಟವೂ ಅದನ್ನು ತಡೆಯಲಾರದು. "ಹೂಂ, ಬೇರೆ ಏನೋ ಬಂತು" ಅಂದರು. ಅಲ್ಲಿಂದ `Task Manager`, ಅದರಲ್ಲಿ ಬ್ರೌಸರ್ ಹೆಸರು, `End task`. ಸೈರನ್ ತಟಕ್ಕನೆ ನಿಂತಿತು, ನನಗೂ ಫೋನಿನಲ್ಲಿ ಕೇಳಿಸಿತು. ಬ್ರೌಸರ್ ಮುಚ್ಚಿದ ಕೂಡಲೇ ವೈರಸ್ಸೂ ಹೋಯಿತು ಅಂದರೆ ಅದು ಇದ್ದದ್ದು ಬ್ರೌಸರಿನ ಒಂದು ಪುಟದಲ್ಲಿ ಮಾತ್ರ ಅಲ್ವಾ?

ಮತ್ತೆ ಬ್ರೌಸರ್ ತೆರೆಯುವ ಮೊದಲು ವೈಫೈ ಆಫ್ ಮಾಡಿಸಿದೆ. ಮತ್ತೆ ತೆರೆದಾಗ ಹಳೇ ಪುಟಗಳನ್ನು ತೆರೆಯಲಾ ಅಂತ ಬ್ರೌಸರ್ ಕೇಳಬಹುದು, ನೆಟ್ ಇದ್ದಾಗ `Restore` ಒತ್ತಿದರೆ ಅದೇ ಸೈರನ್ ವಾಪಸ್. ನೆಟ್ ಇಲ್ಲದಿದ್ದಾಗ ಪುಟ ಲೋಡ್ ಆಗುವುದಿಲ್ಲ, ಆರಾಮಾಗಿ ಆ ಟ್ಯಾಬ್ ಮುಚ್ಚಬಹುದು. ಆಮೇಲೆ `Windows Security` ತೆರೆದು `Protection history` ನೋಡಿಸಿದೆ. ಆ ದಿನದ್ದು ಏನೂ ಇರಲಿಲ್ಲ. ಸಮಾಧಾನಕ್ಕೆ ಅಲ್ಲಿಂದಲೇ ಒಂದು ಸ್ಕ್ಯಾನ್ ಹಾಕಿಸಿದೆ, ಅದರಲ್ಲೂ ಏನೂ ಸಿಗಲಿಲ್ಲ.

ಅವರು ಫೋನ್ ಮಾಡಿಬಿಟ್ಟಿದ್ದರೆ ಕಥೆ ಬೇರೆ ಇರುತ್ತಿತ್ತು. ಆ ಕಡೆಯವರು ದೂರದಿಂದಲೇ ನಿಮ್ಮ ಕಂಪ್ಯೂಟರ್ ನಡೆಸುವ ರಿಮೋಟ್ ಆ್ಯಪ್ ಹಾಕಿಸುತ್ತಾರೆ, ವಿಂಡೋಸ್ ತನ್ನ ಆಗುಹೋಗುಗಳನ್ನು ಬರೆದಿಡುವ ಇವೆಂಟ್ ವ್ಯೂವರ್ ತೆರೆದು ಕೆಂಪು ಗುರುತುಗಳನ್ನು ತೋರಿಸಿ ಹೆದರಿಸುತ್ತಾರೆ. ಆ ಕೆಂಪು ಗುರುತುಗಳು ಚೆನ್ನಾಗಿ ನಡೆಯುವ ಕಂಪ್ಯೂಟರಿನಲ್ಲೂ ಇರುತ್ತವೆ, ನನ್ನದರಲ್ಲೂ ಇವೆ. ಆ್ಯಪ್ ಹಾಕಿಸಿಕೊಂಡವರು ಮೊದಲು ನೆಟ್ ಕಡಿಯಬೇಕು, ಬೇರೆ ಸಾಧನದಿಂದ ಪಾಸ್‌ವರ್ಡ್ ಬದಲಿಸಬೇಕು. ಹಣ ಹೋಗಿದ್ದರೆ ತಡಮಾಡದೆ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನ್ ಮಾಡಬೇಕು.

ಮುಗಿಯಿತು ಅಂದುಕೊಂಡಿದ್ದೆ. ಎರಡು ದಿನ ಬಿಟ್ಟು ಚಿಕ್ಕಪ್ಪ ಮತ್ತೆ ಫೋನ್ ಮಾಡಿದರು, ಪರದೆಯ ಬಲ ಮೂಲೆಯಲ್ಲಿ ‘ವೈರಸ್ ಸಿಕ್ಕಿದೆ’ ಅಂತ ಚಿಕ್ಕ ಚೌಕ ಬರುತ್ತಿದೆಯಂತೆ. ಫೋಟೋ ಕಳಿಸಿ ಅಂದೆ. ಚೌಕದಲ್ಲಿ ಸಣ್ಣ ಅಕ್ಷರದಲ್ಲಿ ಬ್ರೌಸರಿನ ಹೆಸರು, ಕೆಳಗೆ ಯಾವುದೋ ಗುರುತಿಲ್ಲದ ವೆಬ್‌ಸೈಟ್ ವಿಳಾಸ. ಆ ಸೈಟ್ ನೋಟಿಫಿಕೇಶನ್ ಕಳಿಸಲಾ ಅಂತ ಕೇಳಿದಾಗ ಯಾವತ್ತೋ ಗೊತ್ತಿಲ್ಲದೆ `Allow` ಒತ್ತಿದ್ದರು. `chrome://settings/content/notifications` ತೆರೆಸಿ ಆ ವಿಳಾಸ ತೆಗೆಸಿದೆ. ಅದರ ಜೊತೆ ಇನ್ನೂ ಏಳು ವಿಳಾಸಗಳಿದ್ದವು, ಒಂದೂ ಅವರಿಗೆ ನೆನಪಿರಲಿಲ್ಲ. ಎಂಟನ್ನೂ ತೆಗೆಸಿದೆ.