ಅಪ್ಪನ ಬಾಕಿ ಕೇಳಿ ಮಿಲ್ಲಿಗೆ ಬರೆದ ಪತ್ರ

ಕೆಲಸದಲ್ಲಿದ್ದಾಗಲೇ ತೀರಿಕೊಂಡವರ ಬಾಕಿ ಕೇಳಲು ಹೋದರೆ ಆಫೀಸಿನವರು "ಫೈನಲ್ ಸೆಟಲ್‌ಮೆಂಟ್" ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಅದರೊಳಗೆ ಏನೇನಿದೆ ಅಂತ ಅವರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಪತ್ರ ಬರೆಯುವ ಮೊದಲು ನಾನು ಮಾಡಿದ್ದು ಆ ಗಂಟು ಬಿಚ್ಚುವ ಕೆಲಸ.

ಅಪ್ಪ ದಾವಣಗೆರೆ ಹೊರಗಿನ ಒಂದು ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದರು. 2001ರ ಜೂನ್ 12ಕ್ಕೆ ಸೇರಿದ್ದರು. 2023ರ ಫೆಬ್ರವರಿ 11ಕ್ಕೆ ಹೃದಯಾಘಾತದಿಂದ ಹೋದರು. ಅಮ್ಮ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಉಳಿದವರು ನಾನು ಮತ್ತು ತಮ್ಮ. ನನಗೆ ಮದುವೆಯಾಗಿ ಇದೇ ಊರಿನಲ್ಲಿದ್ದೇನೆ, ತಮ್ಮ ಬೆಂಗಳೂರಿನಲ್ಲಿದ್ದಾನೆ. ಹಾಗಾಗಿ ಓಡಾಟ ನನ್ನದಾಯಿತು.

ಮಿಲ್ಲಿನವರು ತಮ್ಮ ಕೈಯಿಂದ ಕೊಡಬೇಕಾದದ್ದು ನಾಲ್ಕು: ಫೆಬ್ರವರಿಯ 11 ದಿನದ ಸಂಬಳ, ಉಳಿದ ಗಳಿಕೆ ರಜೆಯ ದುಡ್ಡು, ಆ ವರ್ಷದ ಬೋನಸ್ ಮತ್ತು ಗ್ರಾಚ್ಯುಟಿ. ಪಿಎಫ್ ಮತ್ತು ಅದರ ಜೊತೆಗಿನ ವಿಮೆ ಬರುವುದು ಪಿಎಫ್ ಕಚೇರಿಯಿಂದ. ಅದನ್ನೂ ಇದೇ ಪತ್ರದಲ್ಲಿ ತುರುಕಿದರೆ "ಪಿಎಫ್ ಬಂದ ಮೇಲೆ ಎಲ್ಲಾ ಒಟ್ಟಿಗೆ ನೋಡೋಣ ಬಿಡ್ರಿ" ಅಂತ ಮುಂದೂಡಲು ಅವರಿಗೊಂದು ದಾರಿ ಸಿಗುತ್ತದೆ. ಅದಕ್ಕೇ ಪಿಎಫ್ ಹಣದ ಮಾತನ್ನು ಪತ್ರದಿಂದ ಹೊರಗಿಟ್ಟೆ.

ನಾಲ್ಕರಲ್ಲಿ ದೊಡ್ಡ ಮೊತ್ತ ಗ್ರಾಚ್ಯುಟಿಯದು. ಜಾಸ್ತಿ ಎಳೆದಾಟ ಆಗುವುದೂ ಅಲ್ಲೇ. ಲೆಕ್ಕ ಮಾತ್ರ ಸುಲಭ. ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ ಕೂಡಿಸಬೇಕು, 26ರಿಂದ ಭಾಗಿಸಬೇಕು, 15ರಿಂದ ಗುಣಿಸಬೇಕು, ಮತ್ತೆ ಸೇವೆಯ ವರ್ಷಗಳಿಂದ ಗುಣಿಸಬೇಕು. 26 ಯಾಕೆಂದರೆ ವಾರದ ರಜೆ ಕಳೆದರೆ ತಿಂಗಳಿಗೆ ಉಳಿಯುವ ಕೆಲಸದ ದಿನ ಅಷ್ಟೇ. ಕೊನೆಯಲ್ಲಿ ಆರು ತಿಂಗಳಿಗಿಂತ ಹೆಚ್ಚು ಉಳಿದರೆ ಅದನ್ನೂ ಪೂರ್ತಿ ವರ್ಷ ಅಂತ ಹಿಡಿಯಬೇಕು.

ಅಪ್ಪನ ಜನವರಿ ಸಂಬಳದ ಚೀಟಿ ಮನೆಯ ಟ್ರಂಕಿನಲ್ಲಿತ್ತು. ಮೂಲ ವೇತನ ₹11,700, ತುಟ್ಟಿಭತ್ಯೆ ₹3,900. ಕೂಡಿದರೆ ₹15,600. 26ರಿಂದ ಭಾಗಿಸಿದರೆ ದಿನಕ್ಕೆ ₹600, ಹದಿನೈದು ದಿನಕ್ಕೆ ₹9,000. ಸೇವೆ 21 ವರ್ಷ 8 ತಿಂಗಳು, ಅಂದರೆ ಲೆಕ್ಕಕ್ಕೆ 22. ಒಟ್ಟು ₹1,98,000.

ಮಿಲ್ಲಿನ ಅಕೌಂಟ್ಸ್‌ನವರು ಒಂದು ಚೂರು ಕಾಗದದಲ್ಲಿ ಬರೆದುಕೊಟ್ಟದ್ದು ₹1,22,850. ಎಪ್ಪತ್ತೈದು ಸಾವಿರ ಎಲ್ಲಿ ಹೋಯಿತು ಅಂತ ಹಿಂದಿನಿಂದ ಲೆಕ್ಕ ಹಾಕಿ ನೋಡಿದೆ. ತುಟ್ಟಿಭತ್ಯೆ ಬಿಟ್ಟಿದ್ದರು. 26ರ ಬದಲು 30ರಿಂದ ಭಾಗಿಸಿದ್ದರು. 8 ತಿಂಗಳನ್ನು ಕೈಬಿಟ್ಟು 21 ವರ್ಷ ಅಂತ ಹಿಡಿದಿದ್ದರು. ಮೂರೂ ಅವರ ಕಡೆಗೇ ವಾಲಿದ್ದವು ನೋಡಿ! ನಿಮಗೆ ಯಾರಾದರೂ ಒಟ್ಟು ಮೊತ್ತ ಮಾತ್ರ ಹೇಳಿದರೆ ಈ ಮೂರು ಕಡೆ ಮೊದಲು ಕಣ್ಣು ಹಾಯಿಸಿ. ಇನ್ನೊಂದು ಮಾತು. ಐದು ವರ್ಷ ತುಂಬಿರಬೇಕು ಅನ್ನುವ ಷರತ್ತು ಕೆಲಸದಲ್ಲಿದ್ದಾಗ ಸತ್ತವರಿಗೆ ಇಲ್ಲ. ಎರಡು ವರ್ಷ ದುಡಿದಿದ್ದರೂ ಮನೆಯವರಿಗೆ ಗ್ರಾಚ್ಯುಟಿ ಬರಬೇಕು.

ಲೆಕ್ಕಕ್ಕಿಂತ ತಲೆಬಿಸಿ ಮಾಡಿದ್ದು ಹಕ್ಕಿನ ಪ್ರಶ್ನೆ. ಮ್ಯಾನೇಜರ್ ಒರಟರಲ್ಲ. "ನೋಡಮ್ಮಾ, ನಿಮ್ಮದು ಮದುವೆ ಆಗೇತಿ. ತಮ್ಮನ್ನ ಕಳ್ಸ್ರಿ, ಸಾವ್ಕಾರ್ರ ಹತ್ರ ಮಾತಾಡ್ತೀನಿ" ಅಂದರು. ಅಪ್ಪ ನಾಮಿನಿಯಾಗಿ ಬರೆಸಿದ್ದು ಅಮ್ಮನ ಹೆಸರನ್ನು. ಅಮ್ಮ ತೀರಿಕೊಂಡ ಮೇಲೆ ಅದನ್ನು ಬದಲಿಸಿರಲಿಲ್ಲ. ನಾಮಿನಿ ಇಲ್ಲದಿದ್ದರೆ ದುಡ್ಡು ವಾರಸುದಾರರಿಗೆ ಹೋಗುತ್ತದೆ. ನಾವು ಹಿಂದೂಗಳಾದ್ದರಿಂದ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಅದರಲ್ಲಿ ಮಗ, ಮಗಳು, ಹೆಂಡತಿ, ತಾಯಿ ಎಲ್ಲರೂ ಮೊದಲ ವರ್ಗದವರು, ಎಲ್ಲರಿಗೂ ಸಮಪಾಲು. ಮಗಳ ಮದುವೆ ಲೆಕ್ಕಕ್ಕೇ ಬರುವುದಿಲ್ಲ. ಹಾಗೆಯೇ, ಅಪ್ಪನ ತಾಯಿ ಬದುಕಿದ್ದಿದ್ದರೆ ಅವರಿಗೂ ಒಂದು ಪಾಲು ಇರುತ್ತಿತ್ತು. ಇದನ್ನು ಮರೆಯುವವರು ಬಹಳ. ನಮ್ಮ ಅಜ್ಜಿ ಇರಲಿಲ್ಲ, ಹಾಗಾಗಿ ಅರ್ಧ ನನಗೆ, ಅರ್ಧ ತಮ್ಮನಿಗೆ.

ಇದನ್ನು ತೋರಿಸಲು ನಾಡಕಚೇರಿಯಿಂದ ವಂಶವೃಕ್ಷ ಪ್ರಮಾಣಪತ್ರ ತೆಗೆಸಿದೆ. ಅಪ್ಪ, ಅಮ್ಮ ಇಬ್ಬರ ಮರಣ ಪ್ರಮಾಣಪತ್ರವನ್ನೂ ಇಟ್ಟೆ. ತಮ್ಮನಿಂದ ಒಂದು ನೋಟರಿ ಅಫಿಡವಿಟ್ ಬರೆಸಿದೆ: ನಾವಿಬ್ಬರೇ ವಾರಸುದಾರರು, ಪತ್ರ ವ್ಯವಹಾರ ಅಕ್ಕ ಮಾಡುತ್ತಾಳೆ, ಹಣ ಇಬ್ಬರ ಖಾತೆಗೂ ಅರ್ಧರ್ಧ ಹಾಕಿ ಅಂತ. ಮಿಲ್ಲಿನವರು ಮೊದಲು ಕೋರ್ಟಿನ ಉತ್ತರಾಧಿಕಾರ ಪ್ರಮಾಣಪತ್ರ ತನ್ನಿ ಅಂದಿದ್ದರು. ವಾರಸುದಾರರ ನಡುವೆ ಜಗಳವಿದ್ದರೆ ಅದು ಬೇಕಾಗುತ್ತದೆ. ನಮ್ಮಲ್ಲಿ ಜಗಳವಿರಲಿಲ್ಲ. ಮುಂದೆ ಬೇರೆ ಯಾರಾದರೂ ಹಕ್ಕು ಕೇಳಿಕೊಂಡು ಬಂದರೆ ನಾವೇ ಹೊಣೆ ಅಂತ ಒಂದು ಮುಚ್ಚಳಿಕೆ ಸೇರಿಸಿದ ಮೇಲೆ ಅವರು ಆ ಮಾತು ಬಿಟ್ಟರು.

ಗ್ರಾಚ್ಯುಟಿಗೆ ಬರೀ ಪತ್ರ ಸಾಲದು, ಒಂದು ನಮೂನೆಯೂ ಬೇಕು. ಆಗಿನ ನಿಯಮದಲ್ಲಿ ನಾಮಿನಿ ಕೇಳುವುದಾದರೆ ನಮೂನೆ ಜೆ, ವಾರಸುದಾರರು ಕೇಳುವುದಾದರೆ ನಮೂನೆ ಕೆ. ವಾರಸುದಾರರಿಗೆ ಒಂದು ವರ್ಷದ ಗಡುವಿತ್ತು. ನಾನು ನಮೂನೆ ಕೆ ತುಂಬಿ, ಅದರ ಮೇಲೆ ಈ ಪತ್ರ ಇಟ್ಟೆ. ಹೆಸರು, ವಿಳಾಸ ಬಿಟ್ಟು ಹೆಚ್ಚುಕಮ್ಮಿ ಹಾಗೇ ಕೊಡುತ್ತಿದ್ದೇನೆ.

"ಮಾನ್ಯ ವ್ಯವಸ್ಥಾಪಕರಿಗೆ,

ವಿಷಯ: ನಿಮ್ಮಲ್ಲಿ ಫಿಟ್ಟರ್ ಆಗಿದ್ದ ನನ್ನ ತಂದೆ ದಿವಂಗತ ಶ್ರೀ ______ (ಟೋಕನ್ ಸಂಖ್ಯೆ ____) ಅವರಿಗೆ ಬರಬೇಕಾದ ಬಾಕಿ ಹಣದ ಬಗ್ಗೆ.

ನನ್ನ ತಂದೆ 12-6-2001ರಿಂದ 11-2-2023ರಂದು ತೀರಿಕೊಳ್ಳುವವರೆಗೆ ನಿಮ್ಮಲ್ಲಿ ಕೆಲಸ ಮಾಡಿದ್ದಾರೆ. ಕೊನೆಯ ದಿನಗಳಲ್ಲಿ ತಾವು ಮತ್ತು ಅವರ ಜೊತೆಗಾರರು ನಮ್ಮ ಮನೆಗೆ ಬಂದು ನಿಂತದ್ದನ್ನು ನಾವು ಮರೆತಿಲ್ಲ.

ಅವರಿಗೆ ಬರಬೇಕಾದ ಈ ಕೆಳಗಿನ ಹಣ ಇನ್ನೂ ಬಂದಿಲ್ಲ. ಒಂದು, ಫೆಬ್ರವರಿ 2023ರ 11 ದಿನಗಳ ಸಂಬಳ. ಎರಡು, ಜನವರಿಯ ಸಂಬಳ ಚೀಟಿಯಲ್ಲಿ ತೋರಿಸಿರುವ 18 ದಿನಗಳ ಗಳಿಕೆ ರಜೆಯ ವೇತನ. ಮೂರು, 2022-23ನೇ ಸಾಲಿನ ಬೋನಸ್, ಉಳಿದ ಕಾರ್ಮಿಕರಿಗೆ ಕೊಡುವಾಗ. ನಾಲ್ಕು, ಗ್ರಾಚ್ಯುಟಿ ₹1,98,000. ಇದರ ಲೆಕ್ಕ: 15,600 ÷ 26 × 15 × 22.

ನಾಮಿನಿಯಾಗಿದ್ದ ನಮ್ಮ ತಾಯಿ ಈಗಿಲ್ಲ. ನಾನು ಮತ್ತು ನನ್ನ ತಮ್ಮ ಇಬ್ಬರೇ ವಾರಸುದಾರರು. ದಾಖಲೆಗಳನ್ನು ಲಗತ್ತಿಸಿದ್ದೇನೆ. ನಮೂನೆ ಕೆ ಕೂಡ ಜೊತೆಗಿದೆ.

ನನ್ನ ಲೆಕ್ಕವನ್ನು ತಾವು ಒಪ್ಪುವುದಾದರೆ 15 ದಿನದೊಳಗೆ ನಮೂನೆ ಎಲ್‌ನಲ್ಲಿ ಮೊತ್ತ ಮತ್ತು ದಿನಾಂಕ ತಿಳಿಸಿ. ಒಪ್ಪದಿದ್ದರೆ ಕಾರಣ ಬರೆದು ನಮೂನೆ ಎಂ ಕೊಡಿ. ತಡವಾದ ಅವಧಿಗೆ ವರ್ಷಕ್ಕೆ ಶೇ. 10ರ ಸರಳ ಬಡ್ಡಿಯನ್ನೂ ಸೇರಿಸಲು ಕೋರುತ್ತೇನೆ.

ತಂದೆಯವರ ಪಿಎಫ್ ಖಾತೆಯಲ್ಲಿ ಕೆಲಸ ಮುಗಿದ ದಿನಾಂಕ ಮತ್ತು ಮರಣ ಎಂಬ ಕಾರಣವನ್ನು ನಮೂದಿಸಬೇಕೆಂದೂ ವಿನಂತಿ.

ಇಂತಿ ತಮ್ಮ ವಿಶ್ವಾಸಿ"

ಇದರಲ್ಲಿ ನಿಜವಾಗಿ ಕೆಲಸ ಮಾಡಿದ್ದು ಎಲ್ ಮತ್ತು ಎಂ ಇರುವ ಸಾಲು. ನಮೂನೆ ಎಲ್ ಅಂದರೆ ಇಷ್ಟು ಕೊಡುತ್ತೇವೆ ಅನ್ನುವ ನೋಟಿಸು. ನಮೂನೆ ಎಂ ಅಂದರೆ ಕೊಡುವುದಿಲ್ಲ, ಕಾರಣ ಇದು ಅನ್ನುವ ನೋಟಿಸು. ಎಂ ಕೊಟ್ಟರೆ, ಅಥವಾ ಕಡಿಮೆ ಮೊತ್ತದ ಎಲ್ ಕೊಟ್ಟರೆ, ಅಥವಾ ಏನೂ ಕೊಡದೆ ಸುಮ್ಮನಿದ್ದರೆ, 90 ದಿನದೊಳಗೆ ನಮೂನೆ ಎನ್ ತುಂಬಿ ಕಾರ್ಮಿಕ ಇಲಾಖೆಯಲ್ಲಿರುವ ಗ್ರಾಚ್ಯುಟಿ ನಿಯಂತ್ರಣ ಪ್ರಾಧಿಕಾರದ ಮುಂದೆ ಹೋಗಬಹುದಿತ್ತು. ಬಾಯಲ್ಲಿ "ನೋಡೋಣ" ಅನ್ನುವುದು ಸುಲಭ. 30ರಿಂದ ಭಾಗಿಸಿದ್ದೇವೆ ಅಂತ ಬರೆದು ಸಹಿ ಹಾಕುವುದು ಕಷ್ಟ, ಅಲ್ವಾ? ನಾನು ಪತ್ರದಲ್ಲಿ ಇಲಾಖೆಯ ಹೆಸರು ಎತ್ತಲೇ ಇಲ್ಲ. ಈ ನಮೂನೆಗಳ ಹೆಸರು ನೋಡಿದರೆ ಗೊತ್ತಿರುವವರಿಗೆ ಮುಂದಿನದು ತಾನೇ ಗೊತ್ತಾಗುತ್ತದೆ.

ಮನೆಗೆ ಬಂದು ನಿಂತರು ಅನ್ನುವ ಸಾಲನ್ನು ತಮ್ಮ ತೆಗೆಸಲು ನೋಡಿದ. ನಾನು ಬಿಡಲಿಲ್ಲ. ಅದು ನಿಜ. ಅಲ್ಲದೆ ಪತ್ರ ಓದುವವರೂ ಅಪ್ಪನ ಜೊತೆ ಚಹಾ ಕುಡಿದವರೇ.

ಪತ್ರವನ್ನು ಎರಡು ದಾರಿಯಲ್ಲಿ ಕಳಿಸಿದೆ. ಒಂದು ಪ್ರತಿಯನ್ನು ಕೈಯಲ್ಲೇ ಕೊಟ್ಟು, ನನ್ನ ಪ್ರತಿಯ ಮೇಲೆ ಟೈಮ್ ಆಫೀಸಿನ ಸೀಲು, ದಿನಾಂಕ ಹಾಕಿಸಿಕೊಂಡೆ. ಇನ್ನೊಂದನ್ನು ಸ್ವೀಕೃತಿ ಚೀಟಿ ಇಟ್ಟು ರಿಜಿಸ್ಟರ್ಡ್ ಅಂಚೆಯಲ್ಲಿ ಹಾಕಿದೆ. ಸೀಲು ಹಾಕಲು ಹಿಂದೇಟು ಹೊಡೆಯುವ ಕಡೆ ಅಂಚೆಯ ಪ್ರತಿಯೇ ಸಾಕ್ಷಿ.

ಇದು 2023ರ ಮಾತು, ಆಗ ಇದ್ದದ್ದು 1972ರ ಗ್ರಾಚ್ಯುಟಿ ಕಾಯ್ದೆ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ಹದಿನೈದು ದಿನ, 26, ಸತ್ತವರಿಗೆ ಐದು ವರ್ಷದ ವಿನಾಯಿತಿ, ಮೂವತ್ತು ದಿನದೊಳಗೆ ಪಾವತಿ, ಇವೆಲ್ಲ ಅಲ್ಲೂ ಇವೆ. ಆದರೆ ವೇತನ ಅಂದರೆ ಏನೇನು ಅನ್ನುವ ವ್ಯಾಖ್ಯಾನ ಬದಲಾಗಿದೆ. ವೇತನದಿಂದ ಹೊರಗಿಡುವ ಭತ್ಯೆಗಳು ಒಟ್ಟು ಸಂಬಳದ ಅರ್ಧಕ್ಕಿಂತ ಹೆಚ್ಚಿದ್ದರೆ, ಆ ಹೆಚ್ಚಿನ ಭಾಗವನ್ನು ವೇತನಕ್ಕೇ ಸೇರಿಸಿ ಲೆಕ್ಕ ಹಾಕಬೇಕು. ಈಗ ಬರೆಯುವವರು ಕಾಯ್ದೆಯ ಹೆಸರು ಮತ್ತು ನಮೂನೆಗಳನ್ನು ಕಾರ್ಮಿಕ ಅಧಿಕಾರಿಗಳ ಕಚೇರಿಯಲ್ಲಿ ಕೇಳಿಕೊಂಡೇ ತುಂಬಿ.

ಮಿಲ್ಲಿನಿಂದ ಎಲ್ ಬರಲಿಲ್ಲ, ಎಂ ಕೂಡ ಬರಲಿಲ್ಲ. ಫೋನು ಬಂತು. ₹1,98,000 ಮತ್ತು ಸಂಬಳ, ರಜೆಯ ದುಡ್ಡು ತಯಾರಿದೆ, ಬಂದು ಸಹಿ ಹಾಕಿ ಅಂದರು. ಹೋದರೆ ಒಂದು ವೋಚರ್ ಮುಂದಿಟ್ಟರು. "ಎಲ್ಲಾ ಬಾಕಿ ಪೂರ್ತಿಯಾಗಿ ಸಂದಿದೆ, ಇನ್ನು ಯಾವ ಹಕ್ಕೂ ಇಲ್ಲ" ಅಂತ ಅಚ್ಚಾಗಿತ್ತು. ಬೋನಸ್ ಇನ್ನೂ ಬಾಕಿ, ಬಡ್ಡಿಯೂ ಬಾಕಿ. ನಾನು ಆ ಸಾಲು ಹೊಡೆದು ಹಾಕಿ, ಯಾವುದಕ್ಕೆ ಎಷ್ಟು ಬಂತು ಅಂತ ಒಂದೊಂದಾಗಿ ಬರೆದೆ. ಕೆಳಗೆ "ಬಡ್ಡಿ ಮತ್ತು ಬೋನಸ್ ಬರಬೇಕಿದೆ" ಅಂತ ಸೇರಿಸಿ ಸಹಿ ಹಾಕಿದೆ. ಅಕೌಂಟ್ಸ್‌ನವರು ಮುಖ ನೋಡಿದರು. ಮ್ಯಾನೇಜರ್ "ಇರ್ಲಿ ಬಿಡ್ರಿ" ಅಂದರು. ವೋಚರಿನ ಫೋಟೋ ಅಲ್ಲೇ ತೆಗೆದುಕೊಂಡೆ.

ಬಡ್ಡಿಯ ಲೆಕ್ಕ ವರ್ಷಕ್ಕೆ ₹19,800, ತಿಂಗಳಿಗೆ ₹1,650. ಹಣ ಖಾತೆಗೆ ಬಿದ್ದದ್ದು ಜುಲೈ ಕೊನೆಯಲ್ಲಿ, ಐದೂವರೆ ತಿಂಗಳ ಮೇಲೆ. ಹಾಗಾಗಿ ₹9,075 ಕೇಳಿ ನಾಲ್ಕೇ ಸಾಲಿನ ಇನ್ನೊಂದು ಪತ್ರ ಕೊಟ್ಟೆ. ಬಡ್ಡಿ ಕೊಡುವುದು ರೂಢಿಯಿಲ್ಲ ಅಂದರು. ತಡ ನಮ್ಮಿಂದ ಆಗಿದ್ದರೆ, ಅದಕ್ಕೆ ನಿಯಂತ್ರಣ ಪ್ರಾಧಿಕಾರದಿಂದ ನೀವು ಬರವಣಿಗೆಯಲ್ಲಿ ಅನುಮತಿ ಪಡೆದಿದ್ದರೆ ಕೊಡಬೇಕಿಲ್ಲ, ಆ ಅನುಮತಿ ಪತ್ರ ತೋರಿಸಿ ಸರ್ ಅಂದೆ. ಅಂಥದ್ದೇನೂ ಅವರ ಹತ್ತಿರ ಇರಲಿಲ್ಲ. ಬಡ್ಡಿ ಬೋನಸ್ ಜೊತೆಗೆ ದೀಪಾವಳಿ ಹೊತ್ತಿಗೆ ಬಂತು.

ಪಿಎಫ್ ಖಾತೆಯಲ್ಲಿ ದಿನಾಂಕ ಹಾಕಿಸಲು ಮಾತ್ರ ಮತ್ತೆ ಮತ್ತೆ ನೆನಪಿಸಬೇಕಾಯಿತು. ಅದರಿಂದ ಮಿಲ್ಲಿಗೆ ಒಂದು ರೂಪಾಯಿಯೂ ಖರ್ಚಿಲ್ಲ. ಅದು ಆಗುವವರೆಗೆ ನಮ್ಮ ಪಿಎಫ್ ಅರ್ಜಿ ಮಾತ್ರ ಮುಂದೆ ಹೋಗಲಿಲ್ಲ.