ಐದು ಸೆಕೆಂಡಿನ ಎಐ ಕ್ಲಿಪ್ ಹತ್ತು ಸೆಕೆಂಡು ಆಗುವುದು ಹೇಗೆ?

ತುಂಗಭದ್ರೆಯ ಮೇಲೆ ಸಂಜೆ ಹೊತ್ತು ಒಂದು ಹರಿಗೋಲು ತಿರುಗುತ್ತಾ ಸಾಗುವ ದೃಶ್ಯ ನನಗೆ ಬೇಕಿತ್ತು. ಹತ್ತು ಸೆಕೆಂಡು ಇದ್ದರೆ ಸಾಕಿತ್ತು. ನಾನು ಬಳಸುವ ಎಐ ಮಾಡೆಲ್ ಒಂದು ಸಲಕ್ಕೆ ಕೊಡುವುದು 81 ಫ್ರೇಮ್. ಸೆಕೆಂಡಿಗೆ 16 ಫ್ರೇಮ್ ಲೆಕ್ಕದಲ್ಲಿ ಅದು ಐದು ಸೆಕೆಂಡು. ಹಾಗಾಗಿ ಕ್ಲಿಪ್‌ನ ಕೊನೆಯ ಫ್ರೇಮನ್ನು ಚಿತ್ರವಾಗಿ ತೆಗೆದೆ. ಚಿತ್ರದಿಂದ ವಿಡಿಯೊ ಮಾಡುವ ಆಯ್ಕೆಗೆ ಅದನ್ನೇ ಕೊಟ್ಟು ಇನ್ನೊಂದು ಐದು ಸೆಕೆಂಡು ಮಾಡಿಸಿದೆ. ಎರಡನ್ನೂ ಜೋಡಿಸಿ ನೋಡಿದರೆ, ಬಲಕ್ಕೆ ತಿರುಗುತ್ತಿದ್ದ ಹರಿಗೋಲು ನಡುವೆ ತಟ್ಟನೆ ನಿಂತು ಎಡಕ್ಕೆ ತಿರುಗತೊಡಗಿತ್ತು.

ಕಾರಣ ಸರಳ. ಒಂದು ಫೋಟೊದಲ್ಲಿ ಹರಿಗೋಲು ಎಲ್ಲಿದೆ ಎಂಬುದು ಕಾಣುತ್ತದೆ. ಯಾವ ಕಡೆ, ಎಷ್ಟು ವೇಗವಾಗಿ ತಿರುಗುತ್ತಿದೆ ಎಂಬುದು ಕಾಣುವುದಿಲ್ಲ. ಹರಿಗೋಲು ಬುಟ್ಟಿಯ ಹಾಗೆ ದುಂಡಗಿರುತ್ತದೆ, ಅದಕ್ಕೆ ಮುಂದು ಹಿಂದು ಇಲ್ಲ. ಹಾಗಾಗಿ ಮಾಡೆಲ್‌ಗೆ ಊಹೆಯೇ ಗತಿ. ಚಿತ್ರ ಹೇಳದ ಆ ಚಲನೆಯನ್ನು ನಾವು ಎರಡು ದಾರಿಯಲ್ಲಿ ತಿಳಿಸಬೇಕು. ಒಂದು, ಸುಳಿವು ಇರುವ ಫ್ರೇಮ್ ಆರಿಸುವುದು. ಇನ್ನೊಂದು, ಪ್ರಾಂಪ್ಟ್‌ನಲ್ಲಿ ಬರೆಯುವುದು.

ಮೊದಲು ಫ್ರೇಮ್ ಆರಿಸೋಣ. ಪ್ಲೇಯರ್ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯಬೇಡಿ. ಅದರಲ್ಲಿ ಅಳತೆಯೂ ಬದಲಾಗುತ್ತದೆ, ಬಣ್ಣವೂ ಬದಲಾಗಬಹುದು. ವಿಡಿಯೊ ಕತ್ತರಿಸಿ ಜೋಡಿಸಲು ಉಚಿತವಾಗಿ ಸಿಗುವ ffmpeg ಎಂಬ ಸಾಧನ ಹಾಕಿಕೊಂಡು, ಕ್ಲಿಪ್ ಇರುವ ಫೋಲ್ಡರ್‌ನಲ್ಲಿ ಟರ್ಮಿನಲ್ ತೆರೆದು, ಈ ಆದೇಶದಿಂದ ಎಲ್ಲ ಫ್ರೇಮ್‌ಗಳನ್ನೂ ಪಿಎನ್‌ಜಿ ಚಿತ್ರಗಳಾಗಿ ಇಳಿಸಿ:

```
ffmpeg -i clip1.mp4 -start_number 0 fr_%03d.png
```

ಈಗ fr_000.png ಇಂದ fr_080.png ತನಕ 81 ಚಿತ್ರ ಬರುತ್ತವೆ. ಕೊನೆಯ ಹತ್ತನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿ. ಕಟ್ಟಕಡೆಯ ಫ್ರೇಮೇ ಬೇಕೆಂಬ ಹಟ ಬೇಡ. ನನ್ನ ಕ್ಲಿಪ್‌ನಲ್ಲಿ 80ನೇ ಫ್ರೇಮ್‌ನಲ್ಲಿ ಅಂಬಿಗನ ಕೈ ಮಸುಕಾಗಿತ್ತು. ಮುಖ ಅರ್ಧ ಆಚೆ ತಿರುಗಿತ್ತು. ಇದನ್ನು ಕೊಟ್ಟರೆ ಎರಡು ತೊಂದರೆ. ವೇಗದಿಂದ ಬಂದ ಮಸುಕನ್ನು ಮಾಡೆಲ್ ಕೈಯ ಆಕಾರವೇ ಹೀಗೆ ಅಂದುಕೊಂಡು ಮುಂದಕ್ಕೂ ಎಳೆಯುತ್ತದೆ. ಮುಖ ಕಾಣದಿದ್ದರೆ, ಆತ ಮತ್ತೆ ಇತ್ತ ತಿರುಗಿದಾಗ ಬೇರೆಯೇ ಮನುಷ್ಯನಾಗಿರುತ್ತಾನೆ. ಹಿಂದಿನ 80 ಫ್ರೇಮ್‌ಗಳಲ್ಲಿ ಏನಿತ್ತು ಎಂಬುದು ಅದಕ್ಕೆ ಗೊತ್ತಿಲ್ಲ, ಅಲ್ವಾ? ಅದು ನೋಡಿರುವುದು ಒಂದೇ ಚಿತ್ರ.

74ನೇ ಫ್ರೇಮ್ ಚೆನ್ನಾಗಿತ್ತು. ಮುಖ ಸ್ಪಷ್ಟ. ಹುಟ್ಟು ನೀರಿನೊಳಗಿದೆ. ಹುಟ್ಟಿನ ಹಿಂದೆ ನೀರು ಸೀಳಿದ ಗೆರೆ ಇದೆ, ಹರಿಗೋಲಿನ ಒಂದು ಪಕ್ಕದಲ್ಲಿ ಅಲೆ ಬಾಗಿದೆ. ಚಲನೆಯ ಸುಳಿವು ಎಂದರೆ ಇವೇ. ನಡೆಯುವ ಮನುಷ್ಯನಾದರೆ ಹಾರಿದ ಸೆರಗು, ಎದ್ದ ಧೂಳು ಇದೇ ಕೆಲಸ ಮಾಡುತ್ತವೆ. ಉಯ್ಯಾಲೆಯಂಥ ಚಲನೆಗೆ ಇನ್ನೂ ಸುಲಭದ ದಾರಿ ಇದೆ. ಅದು ಮೇಲೇರಿ ಒಂದು ಕ್ಷಣ ನಿಲ್ಲುವ ಜಾಗದ ಫ್ರೇಮ್ ಆರಿಸಿ. ಅಲ್ಲಿ ವೇಗವೇ ಇಲ್ಲ, ಹಾಗಾಗಿ ಕಳೆದುಹೋಗುವುದಕ್ಕೂ ಏನೂ ಇಲ್ಲ.

ಇನ್ನು ಪ್ರಾಂಪ್ಟ್. ನಾನು ಮೊದಲ ಕ್ಲಿಪ್‌ನ ಪ್ರಾಂಪ್ಟನ್ನೇ ಮತ್ತೆ ಹಾಕಿದ್ದೆ. "ಅಂಬಿಗ ಹರಿಗೋಲು ತಿರುಗಿಸಲು ಶುರು ಮಾಡುತ್ತಾನೆ" ಎಂದಿತ್ತು. ಮಾಡೆಲ್ ಹೇಳಿದ ಹಾಗೇ ಮೊದಲಿಂದ ಶುರು ಮಾಡಿತು! ಎರಡನೇ ಪ್ರಾಂಪ್ಟ್‌ನಲ್ಲಿ ಚಲನೆ ಆಗಲೇ ನಡೆಯುತ್ತಿರಬೇಕು. ನಾನು ಬದಲಾಯಿಸಿದ್ದು ಹೀಗೆ: "ಹರಿಗೋಲು ಆಗಲೇ ಗಡಿಯಾರದ ಮುಳ್ಳಿನ ದಿಕ್ಕಿಗೆ ಒಂದೇ ವೇಗದಲ್ಲಿ ತಿರುಗುತ್ತಿದೆ. ಅಂಬಿಗ ನಿಲ್ಲದೆ ಹುಟ್ಟು ಹಾಕುತ್ತಿದ್ದಾನೆ. ಕ್ಯಾಮೆರಾ ನಿಧಾನವಾಗಿ ಎಡಕ್ಕೆ ಸರಿಯುತ್ತಲೇ ಇದೆ. ತಗ್ಗಿನ ಬಿಸಿಲು ಎಡಗಡೆಯಿಂದ ಬೀಳುತ್ತಿದೆ, ಬೆಳಕು ಬದಲಾಗುವುದಿಲ್ಲ." ಕ್ಯಾಮೆರಾ ವಿಷಯ ಮರೆಯಬೇಡಿ. ಹರಿಗೋಲು ಸರಿಯಾಗಿ ತಿರುಗಿದರೂ ಕ್ಯಾಮೆರಾ ಗಕ್ಕನೆ ನಿಂತರೆ ಕಣ್ಣಿಗೆ ಬಡಿಯುತ್ತದೆ.

ಬೆಳಕಿಗೆ "ಹೊಂಬಣ್ಣದ ಸೂರ್ಯಾಸ್ತ" ಎಂಬಂಥ ಮಾತು ಎರಡನೇ ಸಲ ಬರೆಯದಿರುವುದು ಒಳ್ಳೆಯದು. ಚಿತ್ರದಲ್ಲಿ ಹೊಂಬಣ್ಣ ಈಗಾಗಲೇ ಇದೆ. ಮತ್ತೆ ಹೇಳಿದರೆ ಮಾಡೆಲ್ ಅದರ ಮೇಲೆ ಇನ್ನಷ್ಟು ಬಳಿಯುತ್ತದೆ. ಬಿಸಿಲು ಬೀಳುವ ದಿಕ್ಕು ಹೇಳಿ, ಬಣ್ಣವನ್ನು ಚಿತ್ರಕ್ಕೇ ಬಿಡಿ. ಅಳತೆಯೂ ಮೊದಲಿನಷ್ಟೇ ಇರಲಿ. ನನ್ನದು 832x480. ಬೇರೆ ಅಳತೆ ಕೊಟ್ಟರೆ ಅಂಚು ಕತ್ತರಿಸಿಹೋಗಿ, ಎರಡು ಕ್ಲಿಪ್ ಸೇರುವ ಬೆಸುಗೆಯಲ್ಲಿ ಚಿತ್ರ ಜಿಗಿಯುತ್ತದೆ.

ಸೀಡ್ ಎಂಬ ಸಂಖ್ಯೆ ಬದಲಿಸಿದರೆ ಅದೇ ಪ್ರಾಂಪ್ಟ್‌ಗೆ ಬೇರೆ ಕ್ಲಿಪ್ ಬರುತ್ತದೆ. ಹಾಗೆ ನಾಲ್ಕು ಸಲ ಮಾಡಿಸಿದೆ. ಎರಡರಲ್ಲಿ ದಿಕ್ಕು ಸರಿ ಬಂತು. ಅದರಲ್ಲೊಂದು ಮೊದಲ ಅರ್ಧ ಸೆಕೆಂಡು ನಿಧಾನವಾಗಿ ಎದ್ದು ಆಮೇಲೆ ವೇಗ ಹಿಡಿಯಿತು. ಇನ್ನೊಂದನ್ನು ಇಟ್ಟುಕೊಂಡೆ. ನಿಧಾನದ್ದೇ ಗತಿ ಎಂದಾದರೆ, ಎಡಿಟಿಂಗ್ ಆ್ಯಪ್‌ನಲ್ಲಿ ಆ ಅರ್ಧ ಸೆಕೆಂಡಿನ ವೇಗವನ್ನಷ್ಟೇ ಹೆಚ್ಚಿಸಬಹುದು.

ಜೋಡಿಸುವಾಗ ಒಂದು ಸಣ್ಣ ವಿಷಯ ಬಹಳ ಜನ ಬಿಡುತ್ತಾರೆ. ಎರಡನೇ ಕ್ಲಿಪ್‌ನ ಮೊದಲ ಫ್ರೇಮ್ ನಾವು ಕೊಟ್ಟ ಚಿತ್ರವೇ. ಅದನ್ನು ತೆಗೆಯದಿದ್ದರೆ ಒಂದೇ ಚಿತ್ರ ಎರಡು ಸಲ ಬಂದು, ನಡುವೆ ಒಂದು ಚಿಕ್ಕ ಎಡವು ಕಾಣುತ್ತದೆ. ಮೊದಲ ಕ್ಲಿಪ್ ಕೂಡ 74ನೇ ಫ್ರೇಮ್‌ಗೇ ಮುಗಿಯಬೇಕು:

```
ffmpeg -i clip1.mp4 -i clip2.mp4 -filter_complex "[0:v]trim=end_frame=75,setpts=PTS-STARTPTS[a];[1:v]trim=start_frame=1,setpts=PTS-STARTPTS[b];[a][b]concat=n=2:v=1[v]" -map "[v]" -crf 16 joined.mp4
```

ಎಣಿಕೆ ಸೊನ್ನೆಯಿಂದ ಶುರು, ಹಾಗಾಗಿ 75 ಎಂದು ಬರೆದರೆ 0ಯಿಂದ 74ರ ತನಕ 75 ಫ್ರೇಮ್ ಉಳಿಯುತ್ತವೆ. ಎರಡನೆಯದರಿಂದ 80. ಒಟ್ಟು 155 ಫ್ರೇಮ್, ಹೆಚ್ಚುಕಡಿಮೆ 9.7 ಸೆಕೆಂಡು. ಇದರಲ್ಲಿ ಧ್ವನಿ ಬರುವುದಿಲ್ಲ. ನೀರಿನ ಸದ್ದು ಆಮೇಲೆ ಒಂದೇ ಉದ್ದಕ್ಕೆ ಹಾಕಿ, ಅದು ಬೆಸುಗೆಯನ್ನೂ ಮುಚ್ಚುತ್ತದೆ.

ಈಗ ವಿಎಲ್‌ಸಿಯಲ್ಲಿ ತೆರೆದು, ಬೆಸುಗೆ ಹತ್ತಿರ ನಿಲ್ಲಿಸಿ, E ಕೀ ಒತ್ತುತ್ತಾ ಒಂದೊಂದೇ ಫ್ರೇಮ್ ಮುಂದೆ ಹೋಗಿ. ಹುಟ್ಟಿನ ತುದಿಯಂಥ ಒಂದೇ ಬಿಂದುವಿನ ಮೇಲೆ ಕಣ್ಣಿಡಿ. ಬೆಸುಗೆಗೆ ಮುಂಚೆ ಒಂದು ಫ್ರೇಮ್‌ಗೆ ಎಷ್ಟು ಸರಿಯುತ್ತಿತ್ತೋ ಆಮೇಲೂ ಸುಮಾರು ಅಷ್ಟೇ ಸರಿಯಬೇಕು. ಬಣ್ಣಕ್ಕೆ ಬಂಡೆಯನ್ನೋ ಆಕಾಶವನ್ನೋ ನೋಡಿ. ಬೆಸುಗೆಯಲ್ಲೇ ತಟ್ಟನೆ ಬದಲಾದರೆ, ಫ್ರೇಮ್ ತೆಗೆಯುವಾಗ ಅಥವಾ ಅಪ್‌ಲೋಡ್ ಆಗುವಾಗ ಬಣ್ಣ ಕೆಟ್ಟಿರಬಹುದು. ತೆಗೆದ ಪಿಎನ್‌ಜಿಯನ್ನೂ ಮೂಲ ಕ್ಲಿಪ್ಪನ್ನೂ ಅಕ್ಕಪಕ್ಕ ಇಟ್ಟರೆ ಫ್ರೇಮ್ ತೆಗೆಯುವಾಗಲೇ ಕೆಟ್ಟಿತೇ ಎಂದು ತಿಳಿಯುತ್ತದೆ.

ಬೆಸುಗೆಯಲ್ಲಿ ಸರಿಯಿದ್ದು ಬರಬರುತ್ತಾ ಬಂಡೆ ಕೆಂಪೇರಿದರೆ, ಅದು ಮಾಡೆಲ್‌ನ ಜಾರುವಿಕೆ. ಪ್ರತಿ ಸುತ್ತಿನಲ್ಲೂ ಚಿತ್ರ ಒಳಗೆ ಹೋಗಿ ಹೊರಗೆ ಬರುವಾಗ ಸ್ವಲ್ಪ ಕೆಡುತ್ತದೆ. ಆ ಕೆಟ್ಟದ್ದೇ ಮುಂದಿನ ಸುತ್ತಿಗೆ ಬುನಾದಿ. ನಾನು ಮೂರನೇ ಕ್ಲಿಪ್ ಮಾಡಿದಾಗ ಬಂಡೆಗಳು ಕಿತ್ತಳೆಯಾಗಿ, ಅಂಬಿಗನ ಚರ್ಮ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಇದಕ್ಕೆ ಮದ್ದು ಮಾಡುವ ಹೊತ್ತು ಮುಖ್ಯ. ಎರಡನೇ ಕ್ಲಿಪ್‌ನಲ್ಲೇ ಬಣ್ಣದ ಗಾಢತೆಯನ್ನು ಆರಂಭದಲ್ಲಿ ಇದ್ದ ಹಾಗೇ ಬಿಟ್ಟು, ಕೊನೆಗೆ ಬರುತ್ತಾ ಮೆಲ್ಲಗೆ ಇಳಿಸಿ. fr_000.png ಪಕ್ಕದಲ್ಲಿಟ್ಟುಕೊಂಡು ಬಂಡೆಯ ಬಣ್ಣ ಹೊಂದುವ ತನಕ ಇಳಿಸಬೇಕು. ಹೀಗೆ ಸರಿಪಡಿಸಿದ ಕ್ಲಿಪ್‌ನಿಂದಲೇ ಮುಂದಿನ ಫ್ರೇಮ್ ತೆಗೆಯಿರಿ. ಬರೀ ಫ್ರೇಮನ್ನಷ್ಟೇ ತಿದ್ದಿ ಕೊಟ್ಟರೆ ಬೆಸುಗೆಯಲ್ಲಿ ಬಣ್ಣ ಜಿಗಿಯುತ್ತದೆ.

ಒಂದು ಫ್ರೇಮ್ ಬದಲು ಕ್ಲಿಪ್‌ನ ಕೊನೆಯ ಹಲವು ಫ್ರೇಮ್‌ಗಳನ್ನು ಓದಿಕೊಂಡು ಮುಂದುವರಿಸುವ ಸೌಲಭ್ಯ ಈಗ ಕೆಲವು ಸಾಧನಗಳಲ್ಲಿದೆ. ನಿಮ್ಮದರಲ್ಲಿ ಇದ್ದರೆ ಅದನ್ನೇ ಬಳಸಿ, ದಿಕ್ಕು ವೇಗ ಎರಡೂ ಅದಕ್ಕೆ ಕಾಣುತ್ತವೆ. ಆದರೆ ಬಣ್ಣ ಜಾರುವುದು ಅಲ್ಲೂ ತಪ್ಪಿದ್ದಲ್ಲ. ಚರ್ಮದ ಎಣ್ಣೆ ಹೊಳಪಂತೂ ಬಣ್ಣ ತಿದ್ದಿದರೂ ಪೂರ್ತಿ ಹೋಗಲಿಲ್ಲ. ಹಾಗಾಗಿ ಮೂರನೇ ಕ್ಲಿಪ್ಪನ್ನು ಕೈಬಿಟ್ಟು, ಹತ್ತು ಸೆಕೆಂಡಿಗೆ ನಿಲ್ಲಿಸಿ, ಅಲ್ಲಿಂದ ದಡದ ಮಂಟಪದ ಶಾಟ್‌ಗೆ ಕಟ್ ಮಾಡಿದೆ.