ನಿಂತುಹೋದ ಮೇಲ್‌ಗಳು

ಸೋಮವಾರಪೇಟೆಯಿಂದ ಸ್ವಲ್ಪ ಒಳಗೆ, ಕಾಫಿ ತೋಟದ ನಡುವೆ ನಮ್ಮದೊಂದು ಚಿಕ್ಕ ಹೋಂಸ್ಟೇ ಇದೆ. ಬುಕಿಂಗ್, ಮುಂಗಡ ಹಣ, ಅತಿಥಿಗಳೊಂದಿಗಿನ ಪತ್ರವ್ಯವಹಾರ ಎಲ್ಲವೂ ಒಂದೇ ಜಿಮೇಲ್ ವಿಳಾಸದ ಮೇಲೆ ನಿಂತಿದ್ದು, ಅದನ್ನು ನಾನೂ ನನ್ನ ಹೆಂಡತಿಯೂ ಇಬ್ಬರ ಫೋನುಗಳಲ್ಲಿ ನೋಡುತ್ತೇವೆ. ಕಳೆದ ವರ್ಷದ ಕಕ್ಕಡದ ಮಳೆಯಲ್ಲಿ, ಎರಡು ದಿನ ಕರೆಂಟ್ ಇಲ್ಲದೆ ಕಳೆದ ಮೇಲೆ ಮೇಲ್ ತೆರೆದಾಗ, ಪಾಸ್‌ವರ್ಡ್ ಬದಲಾಯಿಸಿಕೊಳ್ಳಲು ನಾವು ಕೋರಿದ್ದೇವೆಂದು ಹೇಳುವ ಮೂರು ಮೇಲ್‌ಗಳು ಇನ್‌ಸ್ಟಾಗ್ರಾಮ್‌ನಿಂದ ಬಂದಿದ್ದವು. ನಾವಿಬ್ಬರೂ ಅಂಥದ್ದೇನನ್ನೂ ಕೋರಿರಲಿಲ್ಲ.

ಅವು ನಕಲಿ ಮೇಲ್‌ಗಳಿರಬಹುದೇ ಎಂಬುದೇ ನನಗೆ ಬಂದ ಮೊದಲ ಅನುಮಾನ. ಲಿಂಕ್ ಒತ್ತದೆ, ಇನ್‌ಸ್ಟಾಗ್ರಾಮ್ ಆ್ಯಪ್‌ನ ಭದ್ರತಾ ಸೆಟ್ಟಿಂಗ್‌ನಲ್ಲಿರುವ Recent emails ಪಟ್ಟಿಯನ್ನು ನೋಡಿದೆ. ಆ ಸಂಸ್ಥೆಯು ಇತ್ತೀಚೆಗೆ ನಿಜವಾಗಿ ಕಳಿಸಿದ ಮೇಲ್‌ಗಳು ಅಲ್ಲಿ ಕಾಣುತ್ತವೆ. ಈ ಮೂರೂ ಅಲ್ಲಿದ್ದವು. ಅಂದರೆ ಮೇಲ್ ಅಸಲಿ, ಕೋರಿಕೆ ಮಾತ್ರ ನಮ್ಮದಲ್ಲ. ಇಷ್ಟರಿಂದಲೇ ಖಾತೆ ಕೈತಪ್ಪಿದೆ ಎಂದು ಹೇಳಲಾಗದು. ನಮ್ಮ ಮೇಲ್ ವಿಳಾಸವನ್ನೋ ಖಾತೆಯ ಹೆಸರನ್ನೋ ಬಲ್ಲ ಯಾರು ಬೇಕಾದರೂ ಲಾಗಿನ್ ಪುಟದಲ್ಲಿ ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂದು ಒತ್ತಬಹುದು. ಹೋಂಸ್ಟೇಯ ವಿಳಾಸವಂತೂ ಗೇಟಿನ ಬೋರ್ಡಿನ ಮೇಲೆಯೇ ಇದೆ. ಲಿಂಕ್ ಬರುವುದು ನಮ್ಮ ಅಂಚೆಪೆಟ್ಟಿಗೆಗೆ, ಆದ್ದರಿಂದ ಆ ಪೆಟ್ಟಿಗೆ ನಮ್ಮಿಬ್ಬರದೇ ಆಗಿರುವವರೆಗೆ ಬಾಗಿಲು ತಟ್ಟಿದವನು ಹೊರಗೇ ನಿಲ್ಲುತ್ತಾನೆ. ಹೀಗೆ ಲೆಕ್ಕ ಹಾಕಿ ನಾನು ಸುಮ್ಮನಾದೆ.

ಆದರೆ ಆ ಮೂರು ಮೇಲ್‌ಗಳಲ್ಲಿ ಎರಡರ ವಿಷಯದ ಸಾಲು ದಪ್ಪ ಅಕ್ಷರದಲ್ಲಿತ್ತು, ನಸುಕಿನ 2.40ಕ್ಕೆ ಬಂದಿದ್ದ ಇನ್ನೊಂದರದು ತೆಳುವಾಗಿತ್ತು. ಅಂದರೆ ಅದನ್ನು ಯಾರೋ ಆಗಲೇ ತೆರೆದಿದ್ದರು. ಹೆಂಡತಿ ನೋಡಿರಬಹುದು ಎಂದುಕೊಂಡೆ, ಕೇಳಲಿಲ್ಲ. ಕೇಳಿದ್ದರೆ ಅಂದೇ ಗೊತ್ತಾಗುತ್ತಿತ್ತು. ಆ ಎರಡು ದಿನ ಅವಳ ಫೋನಿನಲ್ಲಿ ಚಾರ್ಜೇ ಇರಲಿಲ್ಲ.

ಮರುದಿನದಿಂದ ಅಂಥ ಮೇಲ್ ಬರುವುದು ನಿಂತಿತು. ತಟ್ಟಿ ತಟ್ಟಿ ಬೇಸತ್ತು ಹೋಗಿದ್ದಾನೆ ಎಂದು ನನಗೆ ಸಮಾಧಾನವೇ ಆಯಿತು.

ಐದನೆಯ ದಿನ, ಮುಂದಿನ ಶನಿವಾರಕ್ಕೆ ಕೋಣೆ ಕಾದಿರಿಸಿದ್ದ ಮೈಸೂರಿನವರೊಬ್ಬರು ಫೋನ್ ಮಾಡಿದರು. “ಸಾರ್, ಅಡ್ವಾನ್ಸನ್ನು ಈಗ ಬೇರೆ ಯುಪಿಐಗೆ ಹಾಕಿ ಅಂತ ಮೆಸೇಜ್ ಕಳ್ಸಿದ್ದೀರಲ್ಲ, ಅದು ನಿಮ್ದೇನಾ?” ನಮ್ಮದಲ್ಲ. ಮೆಸೇಜ್ ಹೋಗಿದ್ದುದು ನಾವು ಕೋಣೆಗಳನ್ನು ಪಟ್ಟಿ ಮಾಡಿರುವ ಬುಕಿಂಗ್ ತಾಣದ ನಮ್ಮ ಖಾತೆಯಿಂದಲೇ. ಆ ತಾಣಕ್ಕೆ ನನ್ನ ಪಾಸ್‌ವರ್ಡ್ ಹಾಕಿದರೆ ಒಳಗೆ ಬಿಡುತ್ತಿಲ್ಲ.

ಕುಶಾಲನಗರದಲ್ಲಿ ಓದುವ ನನ್ನ ಅಕ್ಕನ ಮಗ ಅಂದು ಮನೆಯಲ್ಲಿದ್ದ. “ಮಾವ, ಇನ್‌ಬಾಕ್ಸ್ ಬಿಡಿ, Bin ನೋಡಿ” ಎಂದ. ಜಿಮೇಲ್‌ನಲ್ಲಿ ಅಳಿಸಿದ್ದು 30 ದಿನ ಅಲ್ಲಿರುತ್ತದೆ. ಬುಕಿಂಗ್ ತಾಣದಿಂದ ಬಂದ ಪಾಸ್‌ವರ್ಡ್ ಬದಲಾವಣೆಯ ಮೇಲ್, ‘ಬದಲಾಯಿಸಲಾಗಿದೆ’ ಎಂಬ ಮೇಲ್, ಹೊಸ ಸಾಧನದಿಂದ ಲಾಗಿನ್ ಆಗಿದೆ ಎಂದು ಗೂಗಲ್ ಕಳಿಸಿದ್ದ ಎಚ್ಚರಿಕೆ, ಎಲ್ಲವೂ ಅಲ್ಲೇ ಇದ್ದವು. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು ಕೆಳತುದಿಯ Details ಒತ್ತಿದಾಗ, ನಮ್ಮೆರಡು ಫೋನು ಮತ್ತು ಲ್ಯಾಪ್‌ಟಾಪ್‌ಗಳ ಜೊತೆ ನಾವೆಂದೂ ಹೋಗದ ಕಡೆಯಿಂದ ಬಳಕೆಯಾದ ಮೂರು ದಾಖಲೆಗಳು ಕಂಡವು. ಬಳಿಕ ಸೆಟ್ಟಿಂಗ್‌ನ Filters and Blocked Addresses ತೆರೆದೆವು. ನಾನು ಜನ್ಮದಲ್ಲಿ ಒಂದು ಫಿಲ್ಟರ್ ಮಾಡಿದವನಲ್ಲ. ಅಲ್ಲಿ ಒಂದಿತ್ತು:

```
Matches: (password OR reset)
Do this: Skip Inbox, Mark as read, Delete it
```

ಆ ಎರಡು ಪದಗಳಲ್ಲಿ ಯಾವುದಿದ್ದರೂ ಮೇಲ್ ಇನ್‌ಬಾಕ್ಸ್ ಮುಟ್ಟದೆ, ಓದಿದ್ದೆಂದು ಗುರುತಾಗಿ, ನೇರವಾಗಿ ಕಸದ ಬುಟ್ಟಿಗೆ ಹೋಗಬೇಕು ಎಂಬುದು ಅದರ ಅರ್ಥ. ಮೇಲ್‌ಗಳು ನಿಂತದ್ದಕ್ಕೆ ಕಾರಣ ಅವನ ಬೇಸರವಲ್ಲ, ಈ ಎರಡು ಸಾಲು. ಅವನು ನಮ್ಮ ಅಂಚೆಪೆಟ್ಟಿಗೆಯ ಒಳಗೇ ಇದ್ದ. ಮೊದಲು ಇನ್‌ಸ್ಟಾಗ್ರಾಮ್ ಪ್ರಯತ್ನಿಸಿದ್ದಾನೆ. ಅಲ್ಲಿ ಅಕ್ಕನ ಮಗ, ಪಾಸ್‌ವರ್ಡ್ ಆದ ಮೇಲೆ ಕೇಳುವ, ಅಥೆಂಟಿಕೇಟರ್ ಆ್ಯಪ್ ಕೊಡುವ ಎರಡನೇ ಹಂತದ ಕೋಡ್ ಹಾಕಿಟ್ಟಿದ್ದರಿಂದ ಲಿಂಕ್ ತೆರೆದರೂ ಪ್ರಯೋಜನವಾಗಿಲ್ಲ. ನಂತರ ಫಿಲ್ಟರ್ ಹೂಡಿ, ಅಂಥ ಕಾವಲಿಲ್ಲದ ಬುಕಿಂಗ್ ತಾಣಕ್ಕೆ ಹೋಗಿದ್ದಾನೆ ಎಂಬುದು ಮೇಲ್‌ಗಳ ಸಮಯವನ್ನು ಜೋಡಿಸಿ ನೋಡಿದಾಗ ನಮಗೆ ಹೊಳೆದದ್ದು.

ಜಿಮೇಲ್‌ನೊಳಗೆ ಹೇಗೆ ಬಂದ? haveibeenpwned.com ನಲ್ಲಿ ನಮ್ಮ ವಿಳಾಸ ಹಾಕಿದಾಗ, ಎಂದೋ ಒಮ್ಮೆ ಸಾಮಾನು ತರಿಸಿದ್ದ ತಾಣವೊಂದರಿಂದ ಸೋರಿಹೋದ ಮಾಹಿತಿಯಲ್ಲಿ ಅದು ಇತ್ತು. ಅಲ್ಲಿ ಕೊಟ್ಟಿದ್ದ ಪಾಸ್‌ವರ್ಡನ್ನೇ ನಾನು ಜಿಮೇಲ್‌ಗೂ ಇಟ್ಟಿದ್ದೆ. ಎರಡನೇ ಹಂತದ ಪರಿಶೀಲನೆ ಇದ್ದಿದ್ದರೆ ಅದೊಂದೇ ಸಾಲುತ್ತಿರಲಿಲ್ಲ. ಆದರೆ ಮಳೆಗಾಲದಲ್ಲಿ ಟವರ್ ಕೈಕೊಟ್ಟು ಎಸ್ಸೆಮ್ಮೆಸ್ ಬಾರದೆ, ನಾನೇ ಹೊರಗುಳಿಯುತ್ತೇನೆಂದು ಅದನ್ನು ಆಫ್ ಮಾಡಿಟ್ಟವನೂ ನಾನೇ.

ಸರಿಪಡಿಸುವಾಗ ಕ್ರಮ ಮುಖ್ಯವಾಯಿತು. ಬುಕಿಂಗ್ ತಾಣದ ಪಾಸ್‌ವರ್ಡನ್ನು ಮೊದಲು ಬದಲಾಯಿಸಲು ಕೈ ಹಾತೊರೆಯುತ್ತದೆ, ಆದರೆ ಅಂಚೆಪೆಟ್ಟಿಗೆ ಅವನ ಕೈಯಲ್ಲಿರುವಾಗ ಅದನ್ನು ಅವನು ಮತ್ತೆ ಬದಲಾಯಿಸಿಕೊಳ್ಳುತ್ತಾನೆ. ಆದ್ದರಿಂದ ಮೊದಲು ಜಿಮೇಲ್‌ನ ಪಾಸ್‌ವರ್ಡ್ ಬದಲಾಯಿಸಿ, ಗೊತ್ತಿಲ್ಲದ ಸಾಧನಗಳನ್ನೆಲ್ಲ ಹೊರಹಾಕಿದೆ. ಪಾಸ್‌ವರ್ಡ್ ಬದಲಾಯಿಸಿದರೂ ಫಿಲ್ಟರ್ ತಾನಾಗಿ ಹೋಗುವುದಿಲ್ಲ, ಅದನ್ನು ಕೈಯಾರೆ ಅಳಿಸಬೇಕು. ಅದೇ ರೀತಿ ಬೇರೆ ವಿಳಾಸಕ್ಕೆ ಮೇಲ್ ರವಾನಿಸುವ ಫಾರ್ವರ್ಡಿಂಗ್ ಇದೆಯೇ, ಖಾತೆ ಮರಳಿ ಪಡೆಯಲು ಕೊಟ್ಟಿರುವ ಫೋನ್ ಸಂಖ್ಯೆಯೂ ಮೇಲ್ ವಿಳಾಸವೂ ನಮ್ಮವೇ ಆಗಿವೆಯೇ ಎಂದು ನೋಡಿದೆ. ಅವು ಹಾಗೇ ಇದ್ದವು. ಅವಸರದಲ್ಲಿ ಒಂದು ತಪ್ಪು ಮಾಡಿದೆ: ಫಿಲ್ಟರ್‌ನ ಚಿತ್ರ ತೆಗೆದಿಟ್ಟುಕೊಳ್ಳದೆ ಅಳಿಸಿಬಿಟ್ಟೆ. ದೂರು ಕೊಡುವಾಗ ಅದನ್ನು ಬಾಯಲ್ಲಿ ಹೇಳಬೇಕಾಯಿತು.

ಆಮೇಲೆ ಬುಕಿಂಗ್ ತಾಣಕ್ಕೆ ಹೋಗಿ, ಪಾಸ್‌ವರ್ಡ್ ಮರಳಿ ಪಡೆದು, ನಮಗೆ ಹಣ ಬರುವ ಬ್ಯಾಂಕ್ ಖಾತೆ ಬದಲಾಗಿಲ್ಲವೆಂದು ಖಚಿತಪಡಿಸಿಕೊಂಡು, ಮೆಸೇಜ್ ಹೋಗಿದ್ದ ಎಲ್ಲ ಅತಿಥಿಗಳಿಗೂ ಫೋನ್ ಮಾಡಿದೆವು. ಅವರಲ್ಲಿ ಒಬ್ಬರು 4,000 ರೂಪಾಯಿ ಕಳಿಸಿಯಾಗಿತ್ತು. ಅಂದೇ ಸಂಜೆ ಅವರಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿಸಿದೆ. ಹಣ ಇನ್ನೂ ಮರಳಿಲ್ಲ. ಅಷ್ಟನ್ನು ಅವರ ಕೋಣೆ ಬಾಡಿಗೆಯಲ್ಲಿ ನಾವೇ ಮುರಿದುಕೊಂಡೆವು.

ಈಗ ಜಿಮೇಲ್‌ಗೆ ಎರಡನೇ ಹಂತವಿದೆ, ಎಸ್ಸೆಮ್ಮೆಸ್‌ನ ಹಂಗಿಲ್ಲದೆ. ಅಥೆಂಟಿಕೇಟರ್ ಆ್ಯಪ್ ಫೋನಿನೊಳಗೇ ಕೋಡ್ ಲೆಕ್ಕ ಹಾಕುವುದರಿಂದ ಟವರ್ ಬಿದ್ದರೂ ಅಡ್ಡಿಯಿಲ್ಲ. ಫೋನೇ ಕೆಟ್ಟರೆ ಗೂಗಲ್ ಕೊಡುವ 10 ಬ್ಯಾಕಪ್ ಕೋಡ್‌ಗಳಿವೆ, ಒಂದೊಂದನ್ನು ಒಂದೇ ಸಲ ಬಳಸಬಹುದು. ಅವುಗಳನ್ನು ಅಚ್ಚು ಹಾಕಿಸಿ, ಆಳುಗಳ ಲೆಕ್ಕದ ಪುಸ್ತಕದ ಜೊತೆ ಬೀರುವಿನಲ್ಲಿಟ್ಟಿದ್ದೇವೆ.

ಇತ್ತೀಚೆಗೆ ಮತ್ತೊಂದು ಅಂಥ ಮೇಲ್ ಬಂತು, ನಾವು ಖಾತೆಯನ್ನೇ ತೆರೆಯದ ಯಾವುದೋ ಆಟದ ತಾಣದಿಂದ. ಸಾಲು ದಪ್ಪವಾಗಿಯೇ ಇತ್ತು. ಓದಿದ್ದನ್ನೂ ಓದಿಲ್ಲವೆಂದು ಗುರುತು ಮಾಡಲು ಬರುವುದರಿಂದ ಅದೊಂದನ್ನೇ ನಂಬದೆ, Details, Bin, ಫಿಲ್ಟರ್ ಮೂರನ್ನೂ ನೋಡಿದೆ. ಎಲ್ಲಿಯೂ ಅಪರಿಚಿತವಾದದ್ದಿರಲಿಲ್ಲ. ನಮ್ಮ ವಿಳಾಸದ ನಡುವೆ ಒಂದು ಚುಕ್ಕಿ ಇದೆ, ಈ ಮೇಲ್ ಬಂದದ್ದು ಚುಕ್ಕಿಯಿಲ್ಲದ ರೂಪಕ್ಕೆ. ಜಿಮೇಲ್ ಚುಕ್ಕಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಕಾರಣ ಎರಡೂ ನಮಗೇ ತಲುಪುತ್ತವೆ. ನಮ್ಮ ಹೆಸರನ್ನು ಹೋಲುವ ಯಾರೋ ತಮ್ಮ ವಿಳಾಸವನ್ನು ತಪ್ಪಾಗಿ ಬರೆದುಕೊಟ್ಟಿರಬೇಕು. ಹೆಂಡತಿಯನ್ನೂ ಕೇಳಿದೆ. ಅವಳು ಅದನ್ನು ತೆರೆದಿರಲಿಲ್ಲ.